ಇಂಗ್ಲಿಷ್ ಕ್ರಿಯಾಪದಗಳೂ ಅವುಗಳ ಪುಟ್ಟ ಬಾಲಗಳೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮೂರ ಬಳಿಯ ಒಂದು ಗೋದಾಮಿನಲ್ಲಿ ಎರಡು ತಿಂಗಳ ಮಟ್ಟಿಗೆ ನನಗೆ ಗುಮಾಸ್ತೆಯ ಕೆಲಸ ದೊರೆಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸವೆಲ್ಲ ನನ್ನ ಪಾಲಿಗೆ ಬಂದಾಗ ತಂದೆಯವರಿಗೆ ಹೆಮ್ಮೆಯಾಯಿತು. ನನಗೂ ಆಗದೆ ಇರಲಿಲ್ಲ. ಆ ಹೆಮ್ಮೆ ಇಳಿದುದು ಎರಡಕ್ಷರದ ಒಂದು ಪದದಿಂದ.

ಗೋದಾಮಿನ ತೂಕದ ಯಂತ್ರ ಕೆಟ್ಟಿತ್ತು. ಪೇಟೆಯ ಮೆಕ್ಯಾನಿಕ್ ಒಬ್ಬರು ಸೋಮವಾರ ಬಂದು ಅದನ್ನು ಸರಿಪಡಿಸಿ ಹೋದರು. ಅವರ ಕೂಲಿ ಮಂಜೂರಾಗಲೆಂದು ನಾನು ಮುಖ್ಯ ಕಚೇರಿಗೆ ಹೀಗೆ ಬರೆದೆ: ‘ರಿಪೇರ್ಸ್ ವರ್ ಕ್ಯಾರೀಡ್ ಆನ್ ಬೈ ದಿ ಮೆಕ್ಯಾನಿಕ್.’ ಅವರ ಹಿಂದಿನ ಬಿಲ್ಲಿನ ಹಣವೂ ತಡವಾಗಿತ್ತು. ಆದುದರಿಂದ ‘ಪ್ಲೀಸ್ ಲುಕ್ ಆಫ್ಟರ್ ದಿ ಡಿಲೇ’ ಎಂದೂ ಸೇರಿಸಿದೆ. ಹತ್ತು ದಿನಗಳ ಮೇಲೆ ಉತ್ತರ ಬಂದಿತು: ದುರಸ್ತಿ ಇನ್ನೂ ನಡೆಯುತ್ತಿರುವಂತೆ ಕಾಣುವುದರಿಂದ, ಮುಗಿದ ಬಳಿಕ ತಿಳಿಸತಕ್ಕದ್ದು. ಅಷ್ಟರಲ್ಲಿ ಆ ಮೆಕ್ಯಾನಿಕ್ ಎರಡು ಬಾರಿ ಬಂದು ಬರಿಗೈಯಲ್ಲಿ ಹಿಂದಿರುಗಿದ್ದರು.

ತಪ್ಪೆಲ್ಲಿ? ‘ಕ್ಯಾರಿ ಆನ್’ ಎಂದರೆ ಮಾಡುತ್ತ ಹೋಗುವುದು. ‘ಕ್ಯಾರಿ ಔಟ್’ ಎಂದರೆ ಹೇಳಿದ ಕೆಲಸವನ್ನು ನೆರವೇರಿಸುವುದು. ಮುಗಿದ ದುರಸ್ತಿಯನ್ನು ನನ್ನ ‘ಆನ್’ ಮುಂದುವರಿಯುವಂತೆ ಮಾಡಿತು. ಅಪ್ಪಣೆ, ತಪಾಸಣೆ, ದುರಸ್ತಿ ಇವುಗಳಿಗೆಲ್ಲ ‘ಔಟ್’ ಸಲ್ಲುತ್ತದೆ. ಈ ವರ್ಷ ಉಳಿದ ರಜೆಯನ್ನು ಬರುವ ವರ್ಷಕ್ಕೆ ಸೇರಿಸಿದರೆ ಮಾತ್ರ ಅದು ‘ಕ್ಯಾರಿ ಓವರ್’.

ಎರಡನೆಯ ತಪ್ಪಿಗೆ ಕಾರಣ ನಮ್ಮ ಕನ್ನಡವೇ. ‘ಸ್ವಲ್ಪ ನೋಡಿಕೊಳ್ಳಿ ಸ್ವಾಮಿ’ ಎಂದು ನಾವು ಮಗುವಿನ ವಿಷಯಕ್ಕೂ ಹೇಳುತ್ತೇವೆ, ಕಾಗದಪತ್ರದ ವಿಷಯಕ್ಕೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮಗುವಿಗೆ ‘ಲುಕ್ ಆಫ್ಟರ್’. ದೂರಿನ ಒಳಹೊಕ್ಕು ವಿಚಾರಿಸುವುದಕ್ಕೆ ‘ಲುಕ್ ಇಂಟು’. ವಿಳಂಬವನ್ನು ‘ಲುಕ್ ಆಫ್ಟರ್’ ಮಾಡಿರೆಂದರೆ, ಅದನ್ನು ಜೋಪಾನವಾಗಿ ಸಾಕಿರಿ ಎಂದಂತಾಯಿತು! ಕಚೇರಿಯವರು ಸಾಕಿದರು ಕೂಡ.

ಮೂರನೆಯದು ‘ಫಿಲ್’. ನಮಗೆ ಕೊಡವನ್ನು ತುಂಬುವುದೂ ಅರ್ಜಿಯನ್ನು ತುಂಬುವುದೂ ಒಂದೇ. ಇಂಗ್ಲಿಷಿನಲ್ಲಿ ಹೆಸರು, ತಾರೀಖು ಮುಂತಾದ ವಿವರಗಳನ್ನು ಖಾಲಿ ಜಾಗದೊಳಗೆ ಬರೆಯುವುದು ‘ಫಿಲ್ ಇನ್’ ಮಾತ್ರ. ಇಡೀ ನಮೂನೆಗೆ ‘ಫಿಲ್ ಇನ್’ ಎನ್ನಬಹುದು, ‘ಫಿಲ್ ಔಟ್’ ಎಂದೂ ಅನ್ನಬಹುದು. ಎರಡನೆಯದು ಅಮೆರಿಕದಲ್ಲಿ ಹೆಚ್ಚು. ನಮ್ಮ ಕಚೇರಿಗಳಲ್ಲಿ ಕೇಳಿಬರುವ ‘ಫಿಲ್ ಅಪ್’ ತೀರ ತಪ್ಪಲ್ಲ, ಹಳೆಯ ಬಳಕೆ. ಆದರೆ ಇಂದು ಅದನ್ನು ಪಾತ್ರೆಗೆ, ಟ್ಯಾಂಕಿಗೆ ಬಿಟ್ಟು, ನಮೂನೆಗೆ ‘ಇನ್’ ಬರೆಯುವುದೇ ಕ್ಷೇಮ.

ಬಾಲವನ್ನು ಸರಿಯಾಗಿ ಆರಿಸಿದ ಮೇಲೂ ಅದನ್ನು ಇಡುವ ಸ್ಥಳ ಒಂದುಂಟು. ನಮೂನೆಯ ಬದಲು ‘ಇಟ್’ ಎಂಬ ಸರ್ವನಾಮ ಬಂದರೆ ಅದು ನಡುವೆ ಕೂರುತ್ತದೆ: ‘ಫಿಲ್ ಇಟ್ ಇನ್’, ‘ಕ್ಯಾರಿ ಇಟ್ ಔಟ್’. ‘ಲುಕ್ ಇಂಟು’ ಮಾತ್ರ ಒಡೆಯುವುದಿಲ್ಲ. ಅಲ್ಲಿ ‘ಇಂಟು’ ತನ್ನ ಮುಂದಿನ ನಾಮಪದವನ್ನೇ ಹಿಡಿದಿರುವುದರಿಂದ ‘ಲುಕ್ ಇಂಟು ಇಟ್’ ಎಂದೇ ಆಗಬೇಕು. ಕರ್ಮಣಿ ಪ್ರಯೋಗದಲ್ಲಿ ಈ ಬಾಲವನ್ನು ಮರೆಯುವವರೇ ಹೆಚ್ಚು. ‘ದಿ ಕಂಪ್ಲೇಂಟ್ ಈಸ್ ಬೀಯಿಂಗ್ ಲುಕ್ಡ್’ ಎಂದು ನಿಲ್ಲಿಸಿದರೆ ವಾಕ್ಯ ಕುಂಟುತ್ತದೆ. ಕೊನೆಯಲ್ಲಿ ‘ಇಂಟು’ ಇರಲೇಬೇಕು.

ಬರೆದುದನ್ನು ಪರೀಕ್ಷಿಸಲು ನಾನೀಗ ಅನುಸರಿಸುವ ಉಪಾಯ ಸರಳವಾದುದು. ಬಾಲವಿರುವ ಕ್ರಿಯಾಪದವನ್ನು ತೆಗೆದು, ಬಾಲವಿಲ್ಲದ ಒಂದೇ ಪದವನ್ನು ಅಲ್ಲಿಟ್ಟು ಓದುತ್ತೇನೆ. ‘ಕ್ಯಾರೀಡ್ ಔಟ್’ ಇದ್ದೆಡೆ ‘ಪರ್ಫಾರ್ಮ್ಡ್’, ‘ಕ್ಯಾರೀಡ್ ಆನ್’ ಇದ್ದೆಡೆ ‘ಕಂಟಿನ್ಯೂಡ್’, ‘ಲುಕ್ ಇಂಟು’ ಇದ್ದೆಡೆ ‘ಇನ್ವೆಸ್ಟಿಗೇಟ್’. ನನ್ನ ಮೊದಲ ಕಾಗದವನ್ನು ಹೀಗೆ ಓದಿದ್ದರೆ ‘ದುರಸ್ತಿಯನ್ನು ಮುಂದುವರಿಸಲಾಯಿತು’ ಎಂಬ ಅರ್ಥ ಅಲ್ಲಿಯೇ ಕಾಣುತ್ತಿತ್ತು. ಆದರೆ ಈ ಪದಗಳು ಅರ್ಥದಲ್ಲಿ ತೂಕಕ್ಕೆ ತೂಕ ಸಮವಲ್ಲ. ‘ಇನ್ವೆಸ್ಟಿಗೇಟ್’ ಎಂದರೆ ವಿಧಿವತ್ತಾದ ತನಿಖೆಯ ಛಾಯೆ ಬರುತ್ತದೆ. ಬಿಲ್ಲಿನ ವಿಳಂಬಕ್ಕೆ ಅಷ್ಟು ಗಡುಸು ಬೇಡ. ಆದುದರಿಂದ ಈ ಪದಗಳಿಂದ ಪರೀಕ್ಷೆ ಮಾಡಿ, ಕಾಗದದಲ್ಲಿ ‘ಲುಕ್ ಇಂಟು’ವನ್ನೇ ಉಳಿಸಿಕೊಳ್ಳುತ್ತೇನೆ.

ಎರಡನೆಯ ಕಾಗದವನ್ನು ಹೀಗೆ ಬರೆದೆ: ‘ದಿ ರಿಪೇರ್ಸ್ ವರ್ ಕ್ಯಾರೀಡ್ ಔಟ್ ಆನ್ ಮಂಡೇ. ದಿ ಫಾರ್ಮ್ ಹ್ಯಾಸ್ ಬೀನ್ ಫಿಲ್ಡ್ ಇನ್. ಪ್ಲೀಸ್ ಲುಕ್ ಇಂಟು ದಿ ಡಿಲೇ ಇನ್ ಹಿಸ್ ಅರ್ಲಿಯರ್ ಬಿಲ್.’ ಆ ವಾರದಲ್ಲೇ ಎರಡು ಬಿಲ್ಲುಗಳ ಹಣವೂ ಬಂದಿತು. ಮೆಕ್ಯಾನಿಕ್ ಹಣ ಎಣಿಸಿಕೊಂಡು, ‘ಏನಪ್ಪಾ, ಈ ಸಲ ಏನು ಬರೆದೆ?’ ಎಂದು ಕೇಳಿದರು. ‘ಹೋದ ಸಲ ಬರೆದುದನ್ನೇ, ಅಣ್ಣಾ, ಎರಡು ಪದ ಮಾತ್ರ ಬದಲಾಯಿಸಿದೆ’ ಎಂದೆ. ಅವರು ನಂಬಲಿಲ್ಲ.