ಪೀಜಿ ಅಡ್ವಾನ್ಸ್ ದೂರಿಗೆ ಸಾಕ್ಷಿ ಲಗತ್ತಿಸುವುದು ಹೇಗೆ?

ಪೀಜಿ ಬಿಟ್ಟು ಎರಡು ತಿಂಗಳಾಯ್ತು, ಅಡ್ವಾನ್ಸ್ ವಾಪಸ್ ಬಂದಿಲ್ಲ ಅಂತ ಇಟ್ಟುಕೊಳ್ಳೋಣ. ಆಗ ನಾವು ಸಾಮಾನ್ಯವಾಗಿ ಸಿಟ್ಟಿನಲ್ಲಿ ಎರಡು ಪುಟ ಬರೆದು, ಕೊನೆಗೆ ಹದಿನೈದು ಸ್ಕ್ರೀನ್‌ಶಾಟ್ ತುರುಕಿ ಕಳಿಸ್ತೀವಿ. ಯಾವ ಚಿತ್ರ ಯಾವ ಮಾತಿಗೆ ಸಾಕ್ಷಿ ಅಂತ ಓದುವವರೇ ಹುಡುಕಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

ಅದರ ಬದಲು, ಪತ್ರದಲ್ಲಿ ಒಂದು ಸಂಗತಿ ಹೇಳಿದ ಜಾಗದಲ್ಲೇ ಅದರ ಸಾಕ್ಷಿಯ ಸಂಖ್ಯೆಯನ್ನೂ ಕೊಡೋಣ:

“03-08-2024ರಂದು ಯುಪಿಐ ಮೂಲಕ ₹10,000 ಮುಂಗಡ ನೀಡಿದ್ದೇನೆ (ಲಗತ್ತು 1). ಖಾಲಿ ಮಾಡುವಾಗ ₹1,000 ಮಾತ್ರ ಕಡಿತ ಎಂದು ತಾವು ಕೊಟ್ಟ ರಸೀದಿಯಲ್ಲಿದೆ (ಲಗತ್ತು 2). 01-05-2025ರಂದು ಒಂದು ತಿಂಗಳ ನೋಟಿಸ್ ಕೊಟ್ಟು (ಲಗತ್ತು 3), 31-05-2025ರಂದು ಕೊಠಡಿ ಬಿಟ್ಟಿದ್ದೇನೆ. ಬಾಕಿ ₹9,000 ಇನ್ನೂ ಬಂದಿಲ್ಲ.”

ಲಗತ್ತು 1ರಲ್ಲಿ ಹಸಿರು ಟಿಕ್ ಗುರುತು ಕಂಡರೆ ಸಾಲದು. ದಿನಾಂಕ, ಹಣ ಪಡೆದವರ ಹೆಸರು, 12 ಅಂಕಿಯ ಯುಟಿಆರ್ ಸಂಖ್ಯೆ ಮೂರೂ ಕಾಣಬೇಕು. ಆ್ಯಪ್ ತೋರಿಸುವ ಅದರದೇ ಟ್ರಾನ್ಸಾಕ್ಷನ್ ಐಡಿ ಬೇರೆ; ಬ್ಯಾಂಕಿನವರು ಹಣದ ಜಾಡು ಹಿಡಿಯೋದು ಯುಟಿಆರ್ ನೋಡಿಯೇ. ರಸೀದಿಯ ವಿಷಯಕ್ಕೆ ಬಂದರೆ, ಮೂಲಪ್ರತಿ ನಮ್ಮ ಹತ್ತಿರವೇ ಇರಲಿ, ಜೆರಾಕ್ಸ್ ಮಾತ್ರ ಕೊಡೋಣ.

ವಾಟ್ಸಾಪ್ ಸ್ಕ್ರೀನ್‌ಶಾಟ್‌ನಲ್ಲಿ ಎರಡು ಕಡೆ ಎಡವಟ್ಟಾಗುತ್ತೆ. ನಾವು ನಂಬರ್ ಸೇವ್ ಮಾಡಿದ್ದರೆ ಮೇಲೆ “ಪೀಜಿ ಅಂಕಲ್” ಅಂತಷ್ಟೇ ಕಾಣುತ್ತೆ. ಆ ಹೆಸರು ನಾವಿಟ್ಟದ್ದು, ಅದು ಯಾರನ್ನೂ ಗುರುತಿಸೋದಿಲ್ಲ. ಹಾಗಾಗಿ ನಂಬರ್ ಕಾಣುವ ಕಾಂಟ್ಯಾಕ್ಟ್ ಪುಟದ ಚಿತ್ರವನ್ನೂ ಜೊತೆಗಿಡಬೇಕು. ಎರಡನೆಯದು, ಅದೇ ದಿನ ತೆಗೆದ ಚಿತ್ರದಲ್ಲಿ ದಿನಾಂಕದ ಜಾಗದಲ್ಲಿ “ಇಂದು” ಅಂತಿರುತ್ತೆ. ಕೆಲವು ದಿನ ಬಿಟ್ಟು, ಪೂರ್ಣ ದಿನಾಂಕ ಕಾಣುವ ಹಾಗೆ ಮತ್ತೊಮ್ಮೆ ತೆಗೆದರೆ ಸರಿಹೋಗುತ್ತೆ. ನಮಗೆ ಅನುಕೂಲವಾದ ಒಂದೇ ಸಾಲು ಕತ್ತರಿಸಿ ಹಾಕಬೇಡಿ. ಹಿಂದುಮುಂದಿನ ಮಾತೂ ಇರಲಿ.

ಕಾಲ್ ಲಾಗ್ ಇದೆಯಲ್ಲ, ಅದರ ಮೇಲೆ ನಾವು ಸ್ವಲ್ಪ ಹೆಚ್ಚೇ ಭರವಸೆ ಇಡ್ತೀವಿ. ಜೂನ್ 10ರಂದು ಸಂಜೆ 6:40ಕ್ಕೆ ನಾಲ್ಕು ನಿಮಿಷ ಕರೆ ನಡೆಯಿತು ಅಂತ ಅದು ಹೇಳುತ್ತೆಯೇ ಹೊರತು, “ಮುಂದಿನ ವಾರ ಕೊಡ್ತೀನಿ” ಅಂದದ್ದನ್ನು ಹೇಳೋದಿಲ್ಲ. ಅದಕ್ಕೇ ಫೋನ್ ಇಟ್ಟ ತಕ್ಷಣ ಒಂದು ಮೆಸೇಜ್ ಹಾಕಬೇಕು: “ಅಂಕಲ್, ಈಗ ಫೋನಲ್ಲಿ ಹೇಳಿದ ಹಾಗೆ ಜೂನ್ 17ರೊಳಗೆ ₹9,000 ಕಳಿಸ್ತೀರಿ ತಾನೆ?” ಅವರು “ಸರಿ” ಅಂದರೆ ಆ ಮೆಸೇಜೇ ಮುಖ್ಯ ಸಾಕ್ಷಿ, ಲಾಗ್ ಅದಕ್ಕೆ ಬೆಂಬಲ. ಎರಡನ್ನೂ ಒಟ್ಟಿಗೆ ಲಗತ್ತು 4 ಅಂತ ಮಾಡಿ.

ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ, ಪ್ರತಿ ಪುಟದ ಮೇಲೆ ಲಗತ್ತು ಸಂಖ್ಯೆ ಬರೆಯಿರಿ. ಖಾತೆಯ ಬ್ಯಾಲೆನ್ಸ್‌ನಂಥದ್ದನ್ನು ಮುಚ್ಚಬೇಕಿದ್ದರೆ ಪ್ರತಿಯಲ್ಲಿ ಮುಚ್ಚಿ, ಮೂಲ ಚಿತ್ರ ಮುಟ್ಟಬೇಡಿ. ಫೋನಿನಲ್ಲಿರುವ ಚಾಟನ್ನೂ ಅಳಿಸಬೇಡಿ. ವಿಷಯ ಕೋರ್ಟಿಗೆ ಹೋದರೆ ಇಂಥ ಪ್ರಿಂಟ್‌ಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರ ಕೇಳಬಹುದು, ಆಗ ಮೂಲ ದಾಖಲೆ ಇದ್ದ ಫೋನೇ ಬೇಕಾಗುತ್ತೆ.