ದೊಡ್ಡ ಬ್ಯಾಟರಿ ಫುಲ್, ಚಿಕ್ಕದು ಖಾಲಿ

ಎಲೆಕ್ಟ್ರಿಕ್ ಕಾರು ತಗೊಂಡ ಮೇಲೆ ಹುಣಸೂರಿನಿಂದ ಪಿರಿಯಾಪಟ್ಟಣ, ಕೆ.ಆರ್. ನಗರ ಅಂತ ಓಡಾಡುವಾಗ ನನ್ನ ಕಣ್ಣು ಚಾರ್ಜ್ ಎಷ್ಟಿದೆ ಅನ್ನುವುದರ ಮೇಲೇ ಇರುತ್ತಿತ್ತು. 12 ವೋಲ್ಟಿನ ಚಿಕ್ಕ ಬ್ಯಾಟರಿಯ ಕಡೆ ಗಮನ ಹೋಗಿದ್ದು ಎಚ್.ಡಿ. ಕೋಟೆಯಿಂದ ಬಾಮೈದನ ಫೋನ್ ಬಂದಾಗ. "ಬಾವ, ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿ ಫುಲ್ ಮಾಡಿದ್ದೀನಿ. ಆದ್ರೂ ಬ್ಯಾಟರಿ ಲೋ ಅಂತ ತೋರಿಸ್ತಾ ಇದೆಯಲ್ಲ!"

ಕಾರು ಆಫ್ ಮಾಡಿದೊಡನೆ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ಕಾಂಟ್ಯಾಕ್ಟರ್ ಎಂಬ ಸ್ವಿಚ್ಚುಗಳು ಕಡಿದುಬಿಡುತ್ತವೆ. ಅವನ್ನು ಮತ್ತೆ ಕೂಡಿಸಲು ಬೇಕಾದ ಕರೆಂಟು ಬರುವುದು ಚಿಕ್ಕ ಬ್ಯಾಟರಿಯಿಂದಲೇ. ಅದು ತೀರಾ ಬಿದ್ದುಹೋದರೆ ದೊಡ್ಡದು ಫುಲ್ ಇದ್ದರೂ ಗಾಡಿ ಏಳುವುದಿಲ್ಲ, ಎಷ್ಟೋ ಸಲ ಚಾರ್ಜಿಗೂ ಕೂರುವುದಿಲ್ಲ. ಕಾರು ರೆಡಿ ಸ್ಥಿತಿಯಲ್ಲಿದ್ದಾಗ ದೊಡ್ಡದರಿಂದ ಚಿಕ್ಕದಕ್ಕೆ ಕರೆಂಟು ತುಂಬುವುದು ಡಿಸಿ-ಡಿಸಿ ಕನ್ವರ್ಟರ್. ಹಾಗಾಗಿ ತಪ್ಪು ಬ್ಯಾಟರಿಯದೋ ಕನ್ವರ್ಟರಿನದೋ ಅಂತ ಮೊದಲು ತಿಳಿಯಬೇಕು. ಅದಕ್ಕೆ ಒಂದು ಸಾದಾ ಮಲ್ಟಿಮೀಟರ್ ಸಾಕು.

ಅವನ ಗಾಡಿಯಲ್ಲಿದ್ದದ್ದು ಲೆಡ್-ಆಸಿಡ್ ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅಳೆದಾಗ 12.0 ವೋಲ್ಟ್ ಬಂತು. ಸರಿಯಾಗಿ ತುಂಬಿದ್ದರೆ 12.6ರ ಆಸುಪಾಸು ಇರಬೇಕಿತ್ತು. ರೆಡಿಗೆ ಹಾಕಿದಾಗ 14.1ಕ್ಕೆ ಏರಿತು. ಅಂದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಇನ್ನು ಉಳಿದದ್ದು ಎರಡೇ: ಬ್ಯಾಟರಿ ಹಳತಾಗಿದೆ, ಇಲ್ಲವೇ ನಿಂತಾಗ ಏನೋ ಕರೆಂಟು ಹೀರುತ್ತಿದೆ.

ಹೀರುತ್ತಿದ್ದದ್ದು ಡ್ಯಾಶ್‌ಕ್ಯಾಮ್. ಕಾರು ಆಫ್ ಆದರೂ ರೆಕಾರ್ಡ್ ಆಗಲಿ ಅಂತ ಅದರ ವೈರನ್ನು ಅಂಗಡಿಯವರು ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದರು. ಕಾಲು ಆಂಪಿಯರ್ ಅಂದರೂ ದಿನಕ್ಕೆ 6 ಆಂಪಿಯರ್-ಅವರ್; 36 ಆಂಪಿಯರ್-ಅವರಿನ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ. ವೈರ್ ಬಿಚ್ಚಿ, ಗಾಡಿಯನ್ನು ಒಂದೆರಡು ಗಂಟೆ ರೆಡಿಯಲ್ಲಿಟ್ಟು, ಮಾರನೇ ಬೆಳಿಗ್ಗೆ ನೋಡಿದರೆ 12.5. ಬ್ಯಾಟರಿ ಉಳಿಯಿತು. ಆಗಲೂ 12.1ಕ್ಕೇ ಇಳಿದಿದ್ದರೆ ಹೊಸದು ಹಾಕಿಸಬೇಕಾಗುತ್ತಿತ್ತು. ಓಡಿಸಿ ನಿಲ್ಲಿಸಿದ ತಕ್ಷಣ ಅಳೆದರೆ ಮೀಟರ್ ಸುಳ್ಳೇ ಹೆಚ್ಚು ತೋರಿಸುತ್ತದೆ, ಅದಕ್ಕೇ ರಾತ್ರಿ ಕಳೆದ ಮೇಲೆ ಅಳೆಯುವುದು.

ರೆಡಿಯಲ್ಲಿದ್ದಾಗಲೂ 12ರ ಸುತ್ತಲೇ ಇದ್ದು, ನೋಡನೋಡುತ್ತಲೇ ಇಳಿಯುತ್ತಿದ್ದರೆ ಕಥೆ ಬೇರೆ. ಆಗ ಕನ್ವರ್ಟರ್ ಅಥವಾ ಅದರ ಫ್ಯೂಸ್ ಮೇಲೆ ಅನುಮಾನ. ಹೊಸ ಬ್ಯಾಟರಿ ಹಾಕಿಸಿದರೆ ದುಡ್ಡು ದಂಡ, ಅದೂ ಖಾಲಿಯಾಗುತ್ತದೆ. 2024ರಲ್ಲಿ ಹ್ಯುಂಡೈ ಐಯಾನಿಕ್ 5 ಕಾರುಗಳನ್ನು ಭಾರತದಲ್ಲೂ ವಾಪಸ್ ಕರೆಸಿದ್ದು ಚಿಕ್ಕ ಬ್ಯಾಟರಿಗೆ ಚಾರ್ಜ್ ಕೊಡುವ ಇಂಥದೇ ಘಟಕದ ದೋಷಕ್ಕೆ. ಓಡುತ್ತಿರುವಾಗ ಬ್ಯಾಟರಿ ಲೋ ಅನ್ನುವ ಎಚ್ಚರಿಕೆ ಬಂದರೆ ಎ.ಸಿ. ಆಫ್ ಮಾಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಸರ್ವಿಸ್‌ನವರನ್ನು ಕರೆಸಬೇಕು. ಕಿತ್ತಳೆ ಬಣ್ಣದ ಕೇಬಲ್ ಯಾವುದನ್ನೂ ಮುಟ್ಟಬಾರದು, ಅದರಲ್ಲಿ ಇರುವುದು ನೂರಾರು ವೋಲ್ಟ್.