ಬೆಳ್ಳಗಿರುವುದೆಲ್ಲ ಹಾಲಲ್ಲ

ಅಂತರ್ಜಾಲದ ಪರಿಚಯದಲ್ಲಿ ನಮಗೆ ಮೊದಲು ಕಾಣುವುದು ಭಾವಚಿತ್ರ. ಕದ್ದ ಭಾವಚಿತ್ರದಿಂದ ಎಂಥ ವಂಚನೆ ಸಾಧ್ಯವೆಂಬುದನ್ನು ನಮ್ಮ ನಾಡು ಕಂಡಿದೆ. 2020ರಲ್ಲಿ ಕರ್ನಾಟಕದ ಹಲವು ಪೊಲೀಸ್ ಅಧಿಕಾರಿಗಳ ಹೆಸರು ಮತ್ತು ಚಿತ್ರಗಳನ್ನೇ ಬಳಸಿ, ಫೇಸ್‌ಬುಕ್ಕಿನಲ್ಲಿ ನಕಲಿ ಖಾತೆ ತೆರೆದು, ಅವರ ಪರಿಚಿತರಿಂದ ಹಣ ಕೇಳಿದರು. ಪೊಲೀಸರ ಮುಖವೇ ಕಳವಾಗುವುದಾದರೆ ಉಳಿದವರ ಪಾಡೇನು? ಆದುದರಿಂದ ಮಾತು ಬೆಳೆಸುವ ಮೊದಲು ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ವಿವರಿಸಿದೆ.

1. ಚಿತ್ರದ ಮೂಲ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೈಲಹೊಂಗಲದ ವಿದ್ಯಾರ್ಥಿನಿಯೊಬ್ಬಳಿಗೆ ಇನ್‌ಸ್ಟಾಗ್ರಾಮಿನಲ್ಲಿ ಸೈನ್ಯಾಧಿಕಾರಿಯೆಂದು ಹೇಳಿಕೊಳ್ಳುವವನ ಸಂದೇಶ ಬರುತ್ತದೆ. ಸಮವಸ್ತ್ರದ ಚಿತ್ರವಿದೆ, "ಕಳೆದ ಅಕ್ಟೋಬರದ ಕಿತ್ತೂರು ಉತ್ಸವದಲ್ಲಿ ತೆಗೆದದ್ದು" ಎನ್ನುತ್ತಾನೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದರಿಂದ ಸಮವಸ್ತ್ರ ನಮ್ಮ ಕಣ್ಣಿಗೆ ಪರಿಚಿತವಾದುದು. ಕಥೆ ಸುಲಭವಾಗಿ ನಂಬಿಕೆ ಗಳಿಸುತ್ತದೆ.

ಅವಳು ಮಾಡಬೇಕಾದುದಿಷ್ಟು. ಚಿತ್ರದ ಸ್ಕ್ರೀನ್‌ಶಾಟ್ ತೆಗೆದು, ಸುತ್ತಲಿನ ಅಕ್ಷರ, ಗುಂಡಿಗಳನ್ನೆಲ್ಲ ಕತ್ತರಿಸಿ ಚಿತ್ರವನ್ನಷ್ಟೇ ಉಳಿಸಿಕೊಳ್ಳಬೇಕು. ಅದನ್ನು images.google.com ತಾಣದಲ್ಲಿ ಕ್ಯಾಮರಾ ಗುರುತನ್ನು ಒತ್ತಿ ಏರಿಸಬೇಕು. ಅಲ್ಲಿ ಮೊದಲು ಬರುವುವು ಬಹುಮಟ್ಟಿಗೆ ಹೋಲುವ ಚಿತ್ರಗಳು, ಅದೇ ಚಿತ್ರವಲ್ಲ. ಆದ್ದರಿಂದ Exact matches ಎಂಬುದನ್ನು ಆರಿಸಿ, ಅಂಗಿಯ ಮಡಿಕೆ, ಹಿಂದೆ ನಿಂತವರು, ನೆರಳು ಎಲ್ಲವೂ ಒಂದೇ ಆಗಿವೆಯೇ ಎಂದು ಹೋಲಿಸಬೇಕು. ಬಳಿಕ tineye.com ತಾಣದಲ್ಲಿಯೂ ಹುಡುಕಿ, ಫಲಿತಾಂಶಗಳನ್ನು Oldest ಎಂಬ ಕ್ರಮದಲ್ಲಿ ಜೋಡಿಸಬೇಕು. ಅಲ್ಲಿ ಕಾಣುವ ದಿನಾಂಕ ಚಿತ್ರ ತೆಗೆದ ದಿನವಲ್ಲ, ಆ ತಾಣ ಅದನ್ನು ಮೊದಲು ಕಂಡ ದಿನ. ಅದು 2016 ಎಂದಿದ್ದರೆ, ಚಿತ್ರ 2016ಕ್ಕೆ ಮೊದಲೇ ಅಥವಾ ಆಗಲೇ ಇದ್ದಿತೆಂದು ತಿಳಿಯುತ್ತದೆ. ಕಳೆದ ಅಕ್ಟೋಬರದ ಮಾತು ಅಲ್ಲಿಗೆ ಸುಳ್ಳಾಯಿತು. ಅದೇ ಚಿತ್ರ ಬೇರೊಂದು ಹೆಸರಿನಲ್ಲಿಯೂ ಕಂಡರೆ ಸಂಶಯಕ್ಕೆ ಎಡೆಯಿಲ್ಲ. ಆದರೆ ಚಿತ್ರದಲ್ಲಿರುವವನು ಅಪರಾಧಿಯಲ್ಲ. ಅವನ ಮುಖವೂ ಕಳವಾದುದೇ ಎಂಬುದನ್ನು ಮರೆಯಬಾರದು.

ವಂಚಕರು ಹುಡುಕಾಟವನ್ನು ತಪ್ಪಿಸಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸುವುದುಂಟು. ನಮ್ಮ ಸೈನ್ಯದ ಸಮವಸ್ತ್ರದಲ್ಲಿ ಹೆಸರಿನ ಫಲಕ ಬಲ ಎದೆಯ ಮೇಲೆ, ಪದಕದ ಪಟ್ಟಿಗಳು ಎಡ ಎದೆಯ ಮೇಲೆ ಇರುತ್ತವೆ. ಇವು ಅದಲುಬದಲಾಗಿದ್ದರೆ, ಅಥವಾ ಅಕ್ಷರಗಳು ತಿರುಗಿ ಕಂಡರೆ, ಫೋನಿನಲ್ಲಿ ಚಿತ್ರವನ್ನು ಮರಳಿ ತಿರುಗಿಸಿ ಇನ್ನೊಮ್ಮೆ ಹುಡುಕಬೇಕು.

2. ಫಲಿತಾಂಶ ಬಾರದಿದ್ದರೆ

ಏನೂ ಸಿಗದಿದ್ದ ಮಾತ್ರಕ್ಕೆ ಮನುಷ್ಯ ನಿಜವೆಂದು ತಿಳಿಯುವುದು ತರವಲ್ಲ. ಈ ತಾಣಗಳು ಮುಖ್ಯವಾಗಿ ಚಿತ್ರವನ್ನು ಹುಡುಕುತ್ತವೆಯೇ ಹೊರತು ಮನುಷ್ಯನನ್ನಲ್ಲ. ಖಾಸಗಿ ಖಾತೆಯಿಂದ ಕದ್ದ ಚಿತ್ರವಾಗಲಿ, ಯಂತ್ರವೇ ರಚಿಸಿದ ಮುಖವಾಗಲಿ ಅಲ್ಲಿ ಸಿಗದೆ ಹೋಗಬಹುದು. ಆಗ ಖಾತೆಯನ್ನೇ ಪರೀಕ್ಷಿಸಬೇಕು. ಇನ್‌ಸ್ಟಾಗ್ರಾಮಿನಲ್ಲಿ ಹೆಸರಿನ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ About this account ತೆರೆದರೆ, ಖಾತೆ ಸೇರಿದ ತಿಂಗಳು ಕಾಣುತ್ತದೆ; ಹಲವು ಖಾತೆಗಳಲ್ಲಿ ದೇಶವೂ ಹಳೆಯ ಹೆಸರುಗಳ ಸಂಖ್ಯೆಯೂ ಕಾಣುತ್ತವೆ. ಹತ್ತು ವರ್ಷ ಸೇವೆ ಮಾಡಿದೆನೆನ್ನುವವನ ಖಾತೆಗೆ ಎರಡೇ ತಿಂಗಳ ವಯಸ್ಸು, ಚಿತ್ರಗಳೆಲ್ಲ ಒಂದೇ ದಿನ ಏರಿಸಿದವು, ಗೆಳೆಯರ ಒಂದು ಮಾತೂ ಇಲ್ಲ ಎಂದಾದರೆ ಅದು ಎಚ್ಚರಿಕೆಯ ಸೂಚನೆ.

3. ಮಾತಾಡುವುದು ಮನುಷ್ಯನೋ, ಯಂತ್ರವೋ?

ಬಂದ ಸಂದೇಶದ ಒಂದು ಉದ್ದ ವಾಕ್ಯವನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟು ಹುಡುಕಿರಿ. ಅದೇ ವಾಕ್ಯ ಬೇರೆಡೆ ಇದ್ದರೆ ಅದು ಸಿದ್ಧಪಾಠ. ಇನ್ನೊಂದು ಉಪಾಯವೆಂದರೆ ತಪ್ಪು ಪ್ರಶ್ನೆ ಕೇಳುವುದು: "ನವಿಲುತೀರ್ಥದ ಅಣೆಕಟ್ಟು ರಾಮದುರ್ಗದ ಪೇಟೆಯಲ್ಲೇ ಇದೆಯಲ್ಲವೇ?" ಈ ಸೀಮೆಯವನಾದರೆ, "ಏನ್ರೀ, ಅದು ಸವದತ್ತಿ ಹತ್ತಿರ ಐತಿ" ಎಂದು ನಕ್ಕಾನು. ಬರೆದಿಟ್ಟ ಮಾತನ್ನೇ ಒಪ್ಪಿಸುವ ಯಂತ್ರ ಸುಮ್ಮನೆ ಹೌದೆನ್ನಬಹುದು. ಆದರೆ ಈಗಿನ ಯಂತ್ರಗಳು ಸರಿಯುತ್ತರವನ್ನೂ ಕೊಡಬಲ್ಲವು. ಆದುದರಿಂದ ಇದರಲ್ಲಿ ಸೋತವನನ್ನು ಶಂಕಿಸಬಹುದು, ಗೆದ್ದವನನ್ನು ಇದೊಂದರಿಂದಲೇ ನಂಬಲಾಗದು.

ಈ ಮೂರು ಪರೀಕ್ಷೆಗಳೂ ಸುಳ್ಳನ್ನು ಬಯಲು ಮಾಡಬಲ್ಲವು. ಸತ್ಯಕ್ಕೆ ಪ್ರಮಾಣಪತ್ರ ಕೊಡಲಾರವು. ಎಲ್ಲವನ್ನೂ ದಾಟಿ ಬಂದವನು ಸಹ ಹಣ, ಓ.ಟಿ.ಪಿ. ಅಥವಾ ಖಾಸಗಿ ಚಿತ್ರ ಕೇಳಿದನೆಂದರೆ ಮಾತು ಅಲ್ಲಿಗೇ ನಿಲ್ಲಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, cybercrime.gov.in ತಾಣದಲ್ಲಿ ದೂರು ಬರೆಯಬೇಕು. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಿಳಿಸಿದರೆ ಬ್ಯಾಂಕು ಅದನ್ನು ತಡೆಹಿಡಿಯುವ ಸಂಭವವಿರುತ್ತದೆ. ಖಾತೆಯ ವಿಳಾಸವನ್ನೂ ಸಂದೇಶಗಳ ಸ್ಕ್ರೀನ್‌ಶಾಟನ್ನೂ ಅಳಿಸದೆ ಇಟ್ಟುಕೊಳ್ಳಬೇಕು. ತನಿಖೆಗೆ ಸಾಕ್ಷ್ಯವಾಗುವುವು ಅವೇ.